ವೈದ್ಯರು ಶಾಲೆಗೆ ಬರೆಯುವ ಅಲರ್ಜಿ ಪತ್ರ

ಅಲರ್ಜಿಯ ಪಾಠದಲ್ಲಿ ಐಜಿಇ ಪ್ರತಿಕಾಯ, ಮಾಸ್ಟ್ ಕೋಶ, ಹಿಸ್ಟಮಿನ್ ಎಂದು ಓದಿದ್ದೇವೆ. ಆಂಟಿಹಿಸ್ಟಮಿನ್, ಅಡ್ರಿನಲಿನ್, ಸ್ಟೀರಾಯ್ಡ್ ಎಂಬ ಮೂರು ಔಷಧಿಗಳ ಹೆಸರೂ ಅಲ್ಲಿ ಒಟ್ಟಿಗೆ ಬರುತ್ತವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಶಾಲೆಯಲ್ಲಿ ಮಗುವಿಗೆ ಉಸಿರು ಕಟ್ಟಿದರೆ, ಇವುಗಳಲ್ಲಿ ಮೊದಲು ಯಾವುದು? ವೈದ್ಯರ ಪತ್ರ ಮುಖ್ಯವಾಗಿ ಇದಕ್ಕೇ ಉತ್ತರ ಕೊಡುತ್ತದೆ.

ಉದಾಹರಣೆಗೆ ಕಡಲೆಕಾಯಿ ಅಲರ್ಜಿಯನ್ನೇ ತೆಗೆದುಕೊಳ್ಳುತ್ತೇನೆ. ಪಾವಗಡ, ಸಿರಾ, ಮಧುಗಿರಿ ಕಡೆ ಅದು ಹೊಲದ ಬೆಳೆ. ಚಟ್ನಿ, ಚಿತ್ರಾನ್ನ, ಚಿಕ್ಕಿ ಎಲ್ಲದರಲ್ಲೂ ಇರುತ್ತದೆ. ಆದ್ದರಿಂದ ಪತ್ರದಲ್ಲಿ "ಕಡಲೆಕಾಯಿ ಕೊಡಬೇಡಿ" ಎಂದಷ್ಟೇ ಬರೆದರೆ ಸಾಲದು, ಅದು ಸೇರುವ ತಿಂಡಿಗಳ ಹೆಸರೂ ಬೇಕು. ಗಾಣದ ಎಣ್ಣೆಯಲ್ಲಿ ಕಡಲೆಕಾಯಿಯ ಪ್ರೋಟೀನು ಉಳಿದಿರಬಹುದು. ಈದ್ ದಿನ ಹಂಚುವ ಶೀರ್ ಖುರ್ಮಾದ ಬಾದಾಮಿ, ಪಿಸ್ತಾ ಬೇರೆ ಜಾತಿಯವು. ಅವು ಆಗುತ್ತವೆಯೋ ಇಲ್ಲವೋ ಎಂಬುದನ್ನು ವೈದ್ಯರು ಪ್ರತ್ಯೇಕವಾಗಿ ಬರೆಯಬೇಕು.

ಪತ್ರದ ಎರಡನೇ ಭಾಗ ಲಕ್ಷಣಗಳದ್ದು. ಮೈಮೇಲೆ ದದ್ದು, ತುಟಿಯ ತುರಿಕೆ ಮಾತ್ರ ಇದ್ದರೆ ವೈದ್ಯರು ಬರೆದುಕೊಟ್ಟ ಆಂಟಿಹಿಸ್ಟಮಿನ್ ಕೊಟ್ಟು, ಮಗುವನ್ನು ಒಂಟಿಯಾಗಿ ಬಿಡದೆ ನೋಡುತ್ತಿರಬೇಕು. ದನಿ ಗೊಗ್ಗರಾದರೆ, ಬಿಡದೆ ಕೆಮ್ಮು ಬಂದರೆ, ಉಸಿರಾಡುವಾಗ ಸುಯ್‌ಗುಟ್ಟಿದರೆ, ಮಗು ಬಿಳುಚಿಕೊಂಡು ಕುಸಿದರೆ ಅದು ಅನಾಫಿಲ್ಯಾಕ್ಸಿಸ್. ದದ್ದು ಇಲ್ಲದೆಯೂ ಇದು ಬರಬಹುದು. ಆಗ ಅಡ್ರಿನಲಿನ್ ಚುಚ್ಚುಮದ್ದೇ ಮೊದಲು. ಅದು ರಕ್ತನಾಳಗಳನ್ನು ಬಿಗಿಗೊಳಿಸಿ ರಕ್ತದೊತ್ತಡ ಏರಿಸುತ್ತದೆ, ಶ್ವಾಸನಾಳಗಳನ್ನು ಸಡಿಲಿಸುತ್ತದೆ. ಆಂಟಿಹಿಸ್ಟಮಿನ್ ತುರಿಕೆಯನ್ನು ತಗ್ಗಿಸುತ್ತದೆ, ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ. ಮಾತ್ರೆ ಕೊಟ್ಟು ಕಾಯುತ್ತಾ ಕೂತರೆ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ.

ಪ್ರಮಾಣವನ್ನು ತೂಕದ ಮೇಲೆ ಲೆಕ್ಕ ಹಾಕುತ್ತಾರೆ: ಒಂದು ಕಿಲೋಗೆ 0.01 ಮಿ.ಗ್ರಾಂ. ಮಗುವಿನ ತೂಕ 20 ಕಿಲೋ ಇದ್ದರೆ 0.2 ಮಿ.ಗ್ರಾಂ. ಆಂಪೂಲಿನಲ್ಲಿ ಒಂದು ಮಿ.ಲೀ.ಗೆ ಒಂದು ಮಿ.ಗ್ರಾಂ ಇರುವುದರಿಂದ ಸಿರಿಂಜಿನಲ್ಲಿ 0.2 ಮಿ.ಲೀ. ತೆಗೆಯಬೇಕು. ದಶಮಾಂಶದ ಚುಕ್ಕೆ ತಪ್ಪಿದರೆ ಪ್ರಮಾಣ ಹತ್ತುಪಟ್ಟಾಗುತ್ತದೆ. ಅದಕ್ಕೇ ಈ ಲೆಕ್ಕವನ್ನು ಶಿಕ್ಷಕರಿಗೆ ಬಿಡದೆ ವೈದ್ಯರೇ ಮಾಡಿ ಪತ್ರದಲ್ಲಿ ಬರೆಯಬೇಕು, ಮಗುವಿನ ತೂಕ ಹೆಚ್ಚಿದಾಗ ಪತ್ರವನ್ನೂ ಬದಲಿಸಬೇಕು. ತರಬೇತಿ ಪಡೆದ ಶಿಕ್ಷಕರು ತೊಡೆಯ ಹೊರಬದಿಯ ಮಧ್ಯಭಾಗದ ಸ್ನಾಯುವಿಗೆ ಚುಚ್ಚುತ್ತಾರೆ.

ನಂತರ 108ಕ್ಕೆ ಕರೆ. ಮಗುವನ್ನು ಮಲಗಿಸಿ ಕಾಲು ಎತ್ತರಿಸಬೇಕು. ಉಸಿರಾಟ ಕಷ್ಟವಿದ್ದರೆ ಕೂರಿಸಬಹುದು, ಆದರೆ ಎದ್ದು ನಿಲ್ಲಿಸಬಾರದು, ನಡೆಸಬಾರದು. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೇ ಡೋಸ್ ಬೇಕಾಗಬಹುದು. ಆಸ್ಪತ್ರೆ ದೂರವಿರುವ ಹಳ್ಳಿಯ ಶಾಲೆಗೆ ಎರಡು ಡೋಸ್ ಕೊಟ್ಟಿರಬೇಕು ಎನ್ನುವುದು ಇದಕ್ಕೇ. ಮಗು ಚೇತರಿಸಿಕೊಂಡರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಕೆಲವು ಗಂಟೆಗಳ ಬಳಿಕ ಲಕ್ಷಣಗಳು ಮರಳಿ ಬರಬಹುದು.

ಪತ್ರ ಕಚೇರಿಯ ಫೈಲಿನಲ್ಲಿದ್ದರೆ ಪ್ರಯೋಜನವಿಲ್ಲ. ಒಂದು ಪ್ರತಿ ತರಗತಿ ಶಿಕ್ಷಕರ ಬಳಿ, ಒಂದು ಬಿಸಿಯೂಟದ ಅಡುಗೆಯವರ ಬಳಿ, ಇನ್ನೊಂದು ಔಷಧಿಯ ಡಬ್ಬಿಯಲ್ಲೇ ಇರಬೇಕು. ಡಬ್ಬಿಯನ್ನು ಬಿಸಿಲು ತಾಗದ, ಬೀಗ ಹಾಕದ ಜಾಗದಲ್ಲಿಟ್ಟು, ಔಷಧಿಯ ಅವಧಿ ಮುಗಿಯುವ ದಿನಾಂಕವನ್ನು ಆಗಾಗ ನೋಡುತ್ತಿರಬೇಕು.