ಸ್ಥಳಪರಿಶೀಲನೆಯ ಟಿಪ್ಪಣಿ

ಸ್ಥಳಪರಿಶೀಲನೆ ಮಾಡಿದ ಸಮಿತಿಯ ಟಿಪ್ಪಣಿಯಲ್ಲಿ ಕಂಡದ್ದೂ ಊಹಿಸಿದ್ದೂ ಬೆರೆಯಬಾರದು. ಹಳೆಯ ಕಟ್ಟಡವೊಂದರ ಗೋಡೆಯಲ್ಲಿ ಬಿರುಕು ಕಂಡಿತೆನ್ನೋಣ. ‘ಗೋಡೆ ಅಪಾಯದಲ್ಲಿದೆ’ ಎಂಬುದು ಅಭಿಪ್ರಾಯ. ‘ಮೊದಲನೆಯ ಮಹಡಿ, ಪಶ್ಚಿಮದ ಗೋಡೆ, ಕಿಟಕಿಯ ಮೂಲೆಯಿಂದ ಮೇಲಕ್ಕೆ ಓರೆಯಾದ ಬಿರುಕು, ಉದ್ದ 90 ಸೆಂಟಿಮೀಟರು, ಅಗಲ 3 ಮಿಲಿಮೀಟರು, ಛಾಯಾಚಿತ್ರ 4 ಮತ್ತು 5’ ಎಂಬುದು ವೀಕ್ಷಣೆ. 4ನೆಯ ಚಿತ್ರವು ಬಿರುಕಿನ ಸ್ಥಾನ ತಿಳಿಯುವಂತೆ ದೂರದಿಂದ ತೆಗೆದದ್ದು. 5ನೆಯದು ಬಿರುಕಿನ ಪಕ್ಕದಲ್ಲಿ ಅಳತೆಪಟ್ಟಿಯನ್ನಿರಿಸಿ ಹತ್ತಿರದಿಂದ ತೆಗೆದದ್ದು. ಪಟ್ಟಿಯಿಲ್ಲದಿದ್ದರೆ ಕೂದಲೆಳೆಯಂಥ ಸೀಳೂ ದೊಡ್ಡದಾಗಿ ತೋರೀತು.

ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂಬುದನ್ನು ಒಂದೇ ಭೇಟಿಯಿಂದ ಹೇಳಲಾಗದು. ಆದುದರಿಂದ ಸಮಿತಿಯು ಹೀಗೆ ಸೂಚಿಸುತ್ತದೆ: ‘ಗಿಲಾವನ್ನು ಕೆರೆದು, ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನಿಟ್ಟು, ಅದರ ಎರಡು ತುದಿಗಳನ್ನೂ ಸಿಮೆಂಟಿನಿಂದ ಬಂಧಿಸಿ, ದಿನಾಂಕ ಬರೆಯತಕ್ಕದ್ದು. ಕಟ್ಟಡದ ಮೇಲ್ವಿಚಾರಕರು ವಾರಕ್ಕೊಮ್ಮೆ ನೋಡಿ ದಾಖಲಿಸತಕ್ಕದ್ದು. ಎಂಟು ವಾರಗಳ ಬಳಿಕ ಮರುಪರಿಶೀಲನೆ.’

ತುದಿಗಳು ಭದ್ರವಾಗಿದ್ದು ಗಾಜು ಒಡೆದರೆ ಗೋಡೆ ಚಲಿಸಿದೆಯೆಂದರ್ಥ. ಎಷ್ಟು ಚಲಿಸಿತೆಂಬುದನ್ನು ಗಾಜು ತಿಳಿಸದು. ಅದಕ್ಕೆ ಬಿರುಕಿನ ಎರಡೂ ಬದಿಗಳಲ್ಲಿ ಗುರುತು ಮಾಡಿ ಅಂತರವನ್ನು ಅಳೆಯಬೇಕು. ಬೇಸಗೆಯಲ್ಲಿ ಒಡೆಯದ ಗಾಜು ಮಳೆಗಾಲದಲ್ಲಿ, ತಳದ ಮಣ್ಣು ನೆನೆದಾಗ, ಒಡೆಯಬಹುದು. ‘ಗಮನವಿಡುವುದು’ ಎಂದಷ್ಟೇ ಬರೆದರೆ ಅದನ್ನು ನೋಡುವವರು ಯಾರೂ ಇರುವುದಿಲ್ಲ. ಯಾರು, ಏನನ್ನು, ಎಂದಿನೊಳಗೆ ಎಂಬ ಮೂರೂ ಸೂಚನೆಯಲ್ಲಿರಬೇಕು.