ಸೂರ್ಯ ಮತ್ತು ಲುಬ್ಧಕ: ಹೈಡ್ರೋಜನ್ ಬೆಸೆಯುವ ಎರಡು ದಾರಿಗಳು

ಚಳಿಗಾಲದ ರಾತ್ರಿ ಮುಧೋಳ, ಸೇಡಂ ಕಡೆಯ ದಕ್ಷಿಣ ಆಕಾಶದಲ್ಲಿ ಅತಿ ಪ್ರಕಾಶಮಾನವಾಗಿ ಹೊಳೆಯುವ ನಕ್ಷತ್ರ ಲುಬ್ಧಕ. ಅದರ ದ್ರವ್ಯರಾಶಿ ಸೂರ್ಯನ ಸುಮಾರು ಎರಡರಷ್ಟು. ಎರಡರಲ್ಲೂ ನಾಲ್ಕು ಹೈಡ್ರೋಜನ್ ಬೀಜಗಳು ಸೇರಿ ಒಂದು ಹೀಲಿಯಂ ಆಗುತ್ತದೆ, ಆದರೆ ದಾರಿ ಬೇರೆ.

ಸೂರ್ಯನ ಕೇಂದ್ರದ ಉಷ್ಣತೆ ಸುಮಾರು 1.5 ಕೋಟಿ ಕೆಲ್ವಿನ್. ಅಲ್ಲಿ ಎರಡು ಪ್ರೋಟಾನುಗಳು ಬೆಸೆದು ಡ್ಯುಟೀರಿಯಂ ಆಗುತ್ತದೆ. ಅದಕ್ಕೆ ಇನ್ನೊಂದು ಪ್ರೋಟಾನ್ ಸೇರಿದರೆ ಹೀಲಿಯಂ-3. ಅಂಥ ಎರಡು ಸೇರಿ ಹೀಲಿಯಂ-4 ಉಂಟಾಗಿ, ಎರಡು ಪ್ರೋಟಾನುಗಳು ಹೊರಬರುತ್ತವೆ. ಮೊದಲ ಹೆಜ್ಜೆಯಲ್ಲಿ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಬೇಕು. ಅದು ತೀರ ಅಪರೂಪ, ಆದ್ದರಿಂದಲೇ ಸೂರ್ಯ ಇಷ್ಟು ದೀರ್ಘಕಾಲ ಉರಿಯುತ್ತಾನೆ.

ಲುಬ್ಧಕದ ಕೇಂದ್ರ ಇನ್ನೂ ಬಿಸಿ. ಅಲ್ಲಿ ಕಾರ್ಬನ್-12 ಒಂದೊಂದಾಗಿ ನಾಲ್ಕು ಪ್ರೋಟಾನುಗಳನ್ನು ಹಿಡಿದು, ನೈಟ್ರೋಜನ್, ಆಕ್ಸಿಜನ್ ರೂಪಗಳನ್ನು ದಾಟಿ, ಕೊನೆಗೆ ಹೀಲಿಯಂ ಬಿಟ್ಟುಕೊಟ್ಟು ಮತ್ತೆ ಕಾರ್ಬನ್-12 ಆಗುತ್ತದೆ. ಪರೀಕ್ಷೆಯಲ್ಲಿ ಎಡವುವುದು ಇಲ್ಲೇ: ಕಾರ್ಬನ್ ಇಂಧನವಲ್ಲ, ವೇಗವರ್ಧಕ.

ಕಾರ್ಬನ್ ಬೀಜದಲ್ಲಿ ಆರು ಧನ ವಿದ್ಯುದಂಶಗಳಿರುವುದರಿಂದ ವಿಕರ್ಷಣೆ ಹೆಚ್ಚು, ಅದನ್ನು ಮೀರಲು ಹೆಚ್ಚು ಉಷ್ಣತೆ ಬೇಕು. ಉಷ್ಣತೆ ಶೇ. 10 ಏರಿದರೆ ಪ್ರೋಟಾನ್ ಸರಪಳಿಯ ಶಕ್ತಿ ಸುಮಾರು ಒಂದೂವರೆ ಪಟ್ಟಾದರೆ, ಕಾರ್ಬನ್ ಚಕ್ರದ್ದು ಸುಮಾರು ಐದು ಪಟ್ಟಾಗುತ್ತದೆ. ಹಾಗಾಗಿ ಸೂರ್ಯನ ಸುಮಾರು 1.3 ಪಟ್ಟಿಗಿಂತ ಭಾರದ ನಕ್ಷತ್ರಗಳಲ್ಲಿ ಚಕ್ರದ್ದೇ ಮೇಲುಗೈ. ಅದರ ಶಕ್ತಿಯೆಲ್ಲ ನಡುವಿನ ಪುಟ್ಟ ಭಾಗದಲ್ಲೇ ಹುಟ್ಟುವುದರಿಂದ ಅಲ್ಲಿನ ಅನಿಲ ಕುದಿಯುವ ಹಾಲಿನಂತೆ ಮಗುಚುತ್ತದೆ. ಸೂರ್ಯನ ಕೇಂದ್ರದಲ್ಲಿ ಹಾಗಾಗದು.

ಸೂರ್ಯನಲ್ಲೂ ಸುಮಾರು ಶೇ. 1ರಷ್ಟು ಶಕ್ತಿ ಈ ಚಕ್ರದಿಂದಲೇ ಬರುತ್ತದೆ. ಅದರ ನ್ಯೂಟ್ರಿನೊಗಳನ್ನು ಇಟಲಿಯ ಬೊರೆಕ್ಸಿನೊ ಪ್ರಯೋಗ 2020ರಲ್ಲಿ ಪತ್ತೆಹಚ್ಚಿತು.