ಗಾಡಿ ನೋಡಲು ಹೋದಾಗ ಎಂಜಿನ್ ತಣ್ಣಗಿರಲಿ

ಗಡಹಿಂಗ್ಲಜಿನಲ್ಲಿ ಅಳಿಯನಿಗೆ ಹಳೆ ಸ್ಪ್ಲೆಂಡರ್ ನೋಡಲು ಹೋಗಿದ್ದೆವು. ಎಂಜಿನ್ ಮುಟ್ಟಿದರೆ ಬಿಸಿ. ನಾವು ಹೋಗುವ ಮೊದಲೇ ಮಾರುವವರು ಚಾಲೂ ಮಾಡಿಟ್ಟಿದ್ದರು. ಬಿಸಿ ಎಂಜಿನ್ ತನ್ನ ರೋಗ ಮುಚ್ಚಿಡುತ್ತದೆ. ಅದಕ್ಕೇ ಮರುದಿನ ಬೆಳಿಗ್ಗೆ ಮತ್ತೆ ಹೋದೆವು.

ಮೊದಲು ಫ್ರೇಮ್ ನೋಡಿದೆವು. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಹಿಂದಿನ ಟೈರಿನ ಎರಡು ಅಂಚಿಗೂ ತಾಗುವಂತೆ ಮುಂದಿನ ಚಕ್ರದವರೆಗೆ ದಾರ ಎಳೆಯಿರಿ. ದಾರಕ್ಕೂ ಮುಂದಿನ ಟೈರಿಗೂ ನಡುವಿನ ಅಂತರ ಎರಡೂ ಬದಿ ಸಮವಿರಬೇಕು. ಹೆಚ್ಚುಕಮ್ಮಿ ಕಂಡರೆ ತಕ್ಷಣ ಫ್ರೇಮ್ ಸೊಟ್ಟ ಎನ್ನಬೇಡಿ. ಚೈನ್ ಬಿಗಿ ಮಾಡುವ ಗುರುತುಗಳು ಎರಡೂ ಕಡೆ ಒಂದೇ ಇವೆಯೇ ನೋಡಿ, ಸರಿಮಾಡಿ ಮತ್ತೆ ಅಳೆಯಿರಿ. ಆಮೇಲೂ ವ್ಯತ್ಯಾಸ ಉಳಿದರೆ ಹ್ಯಾಂಡಲಿನ ಕೆಳಗೆ, ಫ್ರೇಮಿನ ಕುತ್ತಿಗೆಯಲ್ಲಿ ಬಣ್ಣ ಬಿರಿದಿದೆಯೇ, ಹೊಸ ವೆಲ್ಡಿಂಗ್ ಇದೆಯೇ ಹುಡುಕಿ. ಇದ್ದರೆ ಆ ಗಾಡಿ ಬೇಡ.

ಅಳಿಯನ ಗಾಡಿಯ ಫ್ರೇಮ್ ಸರಿಯಿತ್ತು. ಕಿಕ್ ಹೊಡೆದಾಗ ಮೇಲಿನಿಂದ ಟಿಕ್‌ಟಿಕ್ ಸದ್ದು ಬಂತು. ಅದು ಟ್ಯಾಪೆಟ್, ಸಣ್ಣ ಖರ್ಚಿನ ಕೆಲಸ. ಆದರೆ ಎಕ್ಸಿಲೇಟರ್ ಕೊಟ್ಟಾಗ ಕೆಳಗಿನಿಂದ ದಪ್ಪಗೆ ಕಟಕಟ ಎಂದರೆ ಕ್ರ್ಯಾಂಕ್ ಸವೆದಿರಬಹುದು, ಎಂಜಿನ್ ಬಿಚ್ಚಲೇಬೇಕು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ.

ಎಂಜಿನ್ ಅತಿ ಸ್ವಚ್ಛವಾಗಿ ತೊಳೆದಿದ್ದರೆ ಹತ್ತು ನಿಮಿಷ ಓಡಿಸಿ, ಒಣ ಬಟ್ಟೆಯಿಂದ ಜೋಡಣೆಗಳನ್ನು ಒರೆಸಿ. ಸೋರಿಕೆ ಇದ್ದರೆ ಬಟ್ಟೆಗೆ ಆಯಿಲ್ ಅಂಟುತ್ತದೆ. ಕೊಲ್ಹಾಪುರ, ಇಚಲಕರಂಜಿ ಕಡೆಯ ಗಾಡಿಯಾದರೆ 2019, 2021ರ ಪಂಚಗಂಗೆಯ ಮಹಾಪೂರ ನೆನಪಿಡಿ. ಸೀಟಿನ ಕೆಳಗೆ, ಹೆಡ್‌ಲೈಟಿನೊಳಗೆ ಒಣಗಿದ ರಾಡಿ ಹುಡುಕಿ. ಆಯಿಲ್ ಕಡ್ಡಿಯ ಮೇಲೆ ಹಾಲಿನಂಥ ಬಿಳುಪು ಕಂಡರೆ ಒಳಗೆ ನೀರು ಸೇರಿದೆ.